ಪಿ-ವಿ ನಕ್ಷೆ ನೋಡಿ ಎಂಜಿನ್ ದಕ್ಷತೆ ಲೆಕ್ಕ ಹಾಕುವುದು ಹೇಗೆ: ಓರೆ ಗೆರೆ ಬಂದಾಗ ಎಲ್ಲಿ ತಪ್ಪುತ್ತದೆ?

ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ನಕ್ಷೆಯ ಒಳಗಿನ ವಿಸ್ತೀರ್ಣ ಸರಿಯಾಗಿ ತೆಗೆದೆ, ಕೆಲಸ ಉತ್ತರಕ್ಕೆ ಹೊಂದಿತು, ಆದರೆ ದಕ್ಷತೆ ಮಾತ್ರ ಹೊಂದುತ್ತಿಲ್ಲ, ಯಾಕೆ?" ಪಿ-ವಿ ನಕ್ಷೆಯಲ್ಲಿ ಒತ್ತಡ P ನೆಟ್ಟಗಿನ ಅಕ್ಷದಲ್ಲಿ, ಗಾತ್ರ V ಅಡ್ಡ ಅಕ್ಷದಲ್ಲಿ ಇರುತ್ತದೆ, ಗೆರೆಯ ಕೆಳಗಿನ ವಿಸ್ತೀರ್ಣವೇ ಕೆಲಸ. ಇಡೀ ಚಕ್ರ ಕೊಟ್ಟ ಕೆಲಸವನ್ನು ಒಳಗೆ ಬಂದ ಶಾಖದಿಂದ ಭಾಗಿಸಿದರೆ ದಕ್ಷತೆ. ಹೆಚ್ಚಿನ ಸಲ ತಪ್ಪು ಇರುವುದು ಈ ಭಾಗಾಕಾರದ ಕೆಳಗಡೆ. ಅಂದರೆ ಅನಿಲ ಎಷ್ಟು ಶಾಖ ಒಳಗೆ ತೆಗೆದುಕೊಂಡಿತು ಅನ್ನುವ ಲೆಕ್ಕದಲ್ಲಿ. ನಕ್ಷೆಯಲ್ಲಿ ನೆಟ್ಟಗಿನ ಗೆರೆ, ಅಡ್ಡ ಗೆರೆ ಮಾತ್ರ ಇದ್ದರೆ ಅಷ್ಟು ತೊಂದರೆ ಇಲ್ಲ. ಓರೆ ಗೆರೆ ಬಂದ ಕೂಡಲೇ ಕಥೆ ಬದಲಾಗುತ್ತದೆ. ಅದಕ್ಕೇ ಇಲ್ಲಿ ಓರೆ ಗೆರೆ ಇರುವ ಒಂದೇ ಒಂದು ಚಕ್ರವನ್ನು ಹಿಡಿದು, ಮೊದಲಿಂದ ಕೊನೆಯವರೆಗೆ ಬಿಡಿಸುತ್ತೇನೆ. ಕಾಗದ ಪೆನ್ನು ಇಟ್ಟುಕೊಂಡು ಜೊತೆಗೇ ಮಾಡಿ, ಸುಮ್ನೆ ಓದಿದರೆ ಇದು ತಲೆಯಲ್ಲಿ ನಿಲ್ಲುವುದಿಲ್ಲ.

ಮೊದಲು ಏನೇನು ಗೊತ್ತಿರಬೇಕು

ಮೂರೇ ವಿಷಯ.

ಒಂದು, ಶಕ್ತಿಯ ಲೆಕ್ಕ: `Q = ΔU + W`. Q ಅಂದರೆ ಅನಿಲಕ್ಕೆ ಬಂದ ಶಾಖ. ΔU ಅಂದರೆ ಅನಿಲದ ಆಂತರಿಕ ಶಕ್ತಿಯಲ್ಲಿ, ಅಂದರೆ ಅದರ ಕಣಗಳ ಓಡಾಟದ ಶಕ್ತಿಯಲ್ಲಿ ಆದ ಬದಲಾವಣೆ. W ಅಂದರೆ ಅನಿಲ ಹೊರಗಿನವರಿಗೆ ಮಾಡಿಕೊಟ್ಟ ಕೆಲಸ. ಎಚ್ಚರ: ಕೆಲವು ಪುಸ್ತಕಗಳಲ್ಲಿ, ಅದರಲ್ಲೂ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ, W ಅಂದರೆ ಅನಿಲದ ಮೇಲೆ ಮಾಡಿದ ಕೆಲಸ. ಅಲ್ಲಿ ಚಿಹ್ನೆ ಉಲ್ಟಾ ಇರುತ್ತದೆ. ಯಾವುದನ್ನು ಬೇಕಾದರೂ ಹಿಡಿಯಿರಿ, ಆದರೆ ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಬೇಡಿ.

ಎರಡು, ಆದರ್ಶ ಅನಿಲದ ನಿಯಮ: `PV = nRT`. ಅನಿಲದ ಪ್ರಮಾಣ ಬದಲಾಗದಿದ್ದರೆ, ಒತ್ತಡವನ್ನು ಗಾತ್ರದಿಂದ ಗುಣಿಸಿದಾಗ ಬರುವ ಸಂಖ್ಯೆಯೇ ತಾಪಮಾನದ ಅಳತೆ. PV ಎರಡು ಪಟ್ಟಾದರೆ ಕೆಲ್ವಿನ್‌ನಲ್ಲಿ ತಾಪಮಾನವೂ ಎರಡು ಪಟ್ಟು.

ಮೂರು, ಅನಿಲ ಯಾವುದು ಅನ್ನುವುದು. ಹೀಲಿಯಂ, ಆರ್ಗಾನ್‌ನಂಥ ಒಂಟಿ ಪರಮಾಣುವಿನ ಅನಿಲಕ್ಕೆ `U = 1.5 PV`. ಗಾಳಿಯಂಥ, ಅಣುವಿಗೆ ಎರಡೆರಡು ಪರಮಾಣು ಇರುವ ಅನಿಲಕ್ಕೆ ಸಾಮಾನ್ಯ ತಾಪಮಾನದಲ್ಲಿ `U = 2.5 PV`. ಇದನ್ನು ಮರೆತು ಲೆಕ್ಕ ಶುರು ಮಾಡುವವರು ಜಾಸ್ತಿ. ಇದರಿಂದ ಉತ್ತರ ಎಷ್ಟು ಬದಲಾಗುತ್ತದೆ ಅನ್ನುವುದನ್ನು ಆಮೇಲೆ ತೋರಿಸುತ್ತೇನೆ.

ನಮ್ಮ ಚಕ್ರ

ಒಂಟಿ ಪರಮಾಣುವಿನ ಆದರ್ಶ ಅನಿಲ, ಪಿಸ್ಟನ್‌ನಿಂದ ಮುಚ್ಚಿದ ಸಿಲಿಂಡರ್ ಒಳಗೆ. ನಕ್ಷೆಯಲ್ಲಿ ಮೂರು ಮೂಲೆ:

```
A : P = 1 ಬಾರ್,  V = 1 ಲೀಟರ್
B : P = 3 ಬಾರ್,  V = 1 ಲೀಟರ್
C : P = 1 ಬಾರ್,  V = 3 ಲೀಟರ್
```

A ಇಂದ B ಗೆ ನೆಟ್ಟಗೆ ಮೇಲಕ್ಕೆ. B ಇಂದ C ಗೆ ಓರೆಯಾಗಿ ಕೆಳಕ್ಕೆ, ನೇರ ಗೆರೆಯಲ್ಲಿ. C ಇಂದ A ಗೆ ಅಡ್ಡಡ್ಡ ಹಿಂದಕ್ಕೆ. ಒಂದು ತ್ರಿಕೋನ, ಅಷ್ಟೇ.

ಹೆಜ್ಜೆ 1: ಅಕ್ಷ, ದಿಕ್ಕು, ಅಳತೆಮಾನ ನೋಡಿ

ಗೆರೆಗಳ ಮೇಲಿನ ಬಾಣದ ಗುರುತು ನೋಡಿ. ಚಕ್ರ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತಿದ್ದರೆ ಅದು ಎಂಜಿನ್: ಶಾಖ ತಿಂದು ಕೆಲಸ ಕೊಡುತ್ತದೆ. ಉಲ್ಟಾ ಸುತ್ತಿದರೆ ಅದು ಫ್ರಿಜ್‌ನ ಚಕ್ರ. ಅದಕ್ಕೆ ಹೊರಗಿನಿಂದ ಕೆಲಸ ಕೊಡಬೇಕು, ಅಲ್ಲಿ ದಕ್ಷತೆಯ ಈ ಸೂತ್ರ ಹಾಕಲೇಬಾರದು. ನಮ್ಮದು A, B, C, ಮತ್ತೆ A. ಮೇಲೆ ಹೋಗಿ, ಬಲಕ್ಕೆ ಇಳಿದು, ಎಡಕ್ಕೆ ವಾಪಸ್. ಗಡಿಯಾರದ ದಿಕ್ಕು, ಅಲ್ವಾ? ಹಾಗಾದರೆ ಎಂಜಿನ್.

ಅಳತೆಮಾನಕ್ಕೆ ಒಂದು ಸುಲಭ ದಾರಿ: 1 ಬಾರ್ × 1 ಲೀಟರ್ = 100 ಜೂಲ್. ಕಿಲೋಪ್ಯಾಸ್ಕಲ್ ಕೊಟ್ಟಿದ್ದರೆ ಇನ್ನೂ ಸುಲಭ, 1 ಕಿಲೋಪ್ಯಾಸ್ಕಲ್ × 1 ಲೀಟರ್ = 1 ಜೂಲ್. ಪ್ರತಿ ಸಲ ಪ್ಯಾಸ್ಕಲ್‌ಗೆ, ಘನ ಮೀಟರ್‌ಗೆ ಬದಲಾಯಿಸುತ್ತಾ ಕೂತರೆ ಸೊನ್ನೆಗಳಲ್ಲೇ ದಾರಿ ತಪ್ಪುತ್ತದೆ.

ಇಲ್ಲಿ ಕಣ್ಣಿಗೆ ಮೋಸ ಮಾಡುವ ಒಂದು ವಿಷಯ ಇದೆ. ಒತ್ತಡದ ಅಕ್ಷ ಸೊನ್ನೆಯಿಂದಲೇ ಶುರುವಾಗಿದೆಯಾ ಅಂತ ನೋಡಿ. ಜಾಗ ಉಳಿಸಲು ಅಕ್ಷವನ್ನು 1 ಬಾರ್‌ನಿಂದ ಶುರು ಮಾಡಿ ಬರೆದ ನಕ್ಷೆಗಳು ಎಷ್ಟೋ ಇವೆ. ಅಂಥ ನಕ್ಷೆಯಲ್ಲಿ C ಇಂದ A ಗೆ ಹೋಗುವ ಗೆರೆ ಅಕ್ಷದ ಮೇಲೇ ಕೂತಿರುತ್ತದೆ, ಅದರ ಕೆಳಗೆ ವಿಸ್ತೀರ್ಣವೇ ಇಲ್ಲ ಅನ್ನಿಸುತ್ತದೆ. ಆದರೆ ಅಲ್ಲಿ ನಿಜವಾಗಿ 200 ಜೂಲ್ ಕೆಲಸ ಇದೆ. ಮುಚ್ಚಿದ ಆಕಾರದ ಒಳಗಿನ ವಿಸ್ತೀರ್ಣಕ್ಕೆ ಅಕ್ಷ ಎಲ್ಲಿಂದ ಶುರುವಾದರೂ ವ್ಯತ್ಯಾಸ ಆಗುವುದಿಲ್ಲ. ಒಂದೊಂದೇ ಗೆರೆಯ ಕೆಳಗಿನ ವಿಸ್ತೀರ್ಣ ತೆಗೆಯುವಾಗ ಮಾತ್ರ ಒತ್ತಡದ ಸೊನ್ನೆಯವರೆಗೂ ಇಳಿಯಬೇಕು.

ಹೆಜ್ಜೆ 2: ಪ್ರತಿ ಮೂಲೆಯಲ್ಲೂ PV ಬರೆದುಕೊಳ್ಳಿ

ಗೆರೆಗಳಿಗೆ ಕೈ ಹಾಕುವ ಮುಂಚೆ ಮೂಲೆಗಳ ಕೆಲಸ ಮುಗಿಸಿ.

```
A : PV = 100 J,  U = 150 J
B : PV = 300 J,  U = 450 J
C : PV = 300 J,  U = 450 J
```

A ಹತ್ತಿರ ತಾಪಮಾನ 300 ಕೆಲ್ವಿನ್ ಅಂತ ಇಟ್ಟುಕೊಂಡರೆ, B ಮತ್ತು C ಎರಡೂ ಕಡೆ 900 ಕೆಲ್ವಿನ್.

ಇಲ್ಲೇ ಮೊದಲ ಬಲೆ. B ಮತ್ತು C ಒಂದೇ ತಾಪಮಾನದಲ್ಲಿವೆ ಅಂತ ಕಂಡ ತಕ್ಷಣ, "ಓ, ಇದು ಐಸೋಥರ್ಮಲ್" ಅಂತ ಬರೆದುಬಿಡುತ್ತಾರೆ. ಐಸೋಥರ್ಮಲ್ ಅಂದರೆ ದಾರಿ ಉದ್ದಕ್ಕೂ ತಾಪಮಾನ ಒಂದೇ ಇರುವ ಬದಲಾವಣೆ. ಎರಡು ತುದಿಗಳಲ್ಲಿ ಒಂದೇ ಇದ್ದರೆ ಸಾಲದು. ನಡುವಿನ ಬಿಂದು ನೋಡಿ: ಗಾತ್ರ 2 ಲೀಟರ್, ಒತ್ತಡ 2 ಬಾರ್, PV 400 ಜೂಲ್. ಅಂದರೆ 1200 ಕೆಲ್ವಿನ್! ಅನಿಲ B ಇಂದ ಹೊರಟು ಇನ್ನೂ ಬಿಸಿಯಾಗಿ, ನಡುವೆ ತುದಿ ಮುಟ್ಟಿ, ಆಮೇಲೆ ತಣ್ಣಗಾಗುತ್ತಾ C ಗೆ ಬರುತ್ತದೆ.

ಕಣ್ಣಲ್ಲೇ ಗುರುತಿಸುವುದೂ ಸುಲಭ. ಐಸೋಥರ್ಮಲ್ ಗೆರೆ ಯಾವತ್ತೂ ನೇರ ಇರುವುದಿಲ್ಲ, ಕೆಳಗೆ ಬಾಗಿ ಜೋತುಬಿದ್ದಿರುತ್ತದೆ. B ಮತ್ತು C ಯನ್ನು ಅಂಥ ಬಾಗಿದ ಗೆರೆಯಿಂದ ಸೇರಿಸಿದರೆ ನಮ್ಮ ನೇರ ಗೆರೆ ಅದಕ್ಕಿಂತ ಮೇಲೆ ಹೋಗುತ್ತದೆ. ಮೇಲೆ ಅಂದರೆ ಹೆಚ್ಚು ಬಿಸಿ.

ಹೆಜ್ಜೆ 3: ಒಂದೊಂದೇ ಗೆರೆಗೆ W, ΔU, Q

ಈ ಕ್ರಮದಲ್ಲೇ ಮಾಡಿ. W ವಿಸ್ತೀರ್ಣದಿಂದ ಬರುತ್ತದೆ, ΔU ಮೂಲೆಗಳಿಂದ ಬರುತ್ತದೆ, ಎರಡನ್ನೂ ಕೂಡಿದರೆ Q. ಶಾಖವನ್ನು ನೇರವಾಗಿ ಊಹಿಸಲು ಹೋಗಬೇಡಿ.

A ಇಂದ B: ಗಾತ್ರ ಬದಲಾಗಿಲ್ಲ, ಪಿಸ್ಟನ್ ಅಲುಗಿಲ್ಲ, ಕೆಲಸ ಸೊನ್ನೆ. U 150 ರಿಂದ 450 ಕ್ಕೆ ಏರಿದೆ. ಹಾಗಾಗಿ Q = +300 ಜೂಲ್.

B ಇಂದ C: ಗೆರೆ ನೇರವಾಗಿರುವುದರಿಂದ ಸರಾಸರಿ ಒತ್ತಡ ತೆಗೆದುಕೊಂಡರೆ ಸಾಕು. 3 ಮತ್ತು 1 ರ ಸರಾಸರಿ 2 ಬಾರ್, ಗಾತ್ರ ಹೆಚ್ಚಿದ್ದು 2 ಲೀಟರ್, ಕೆಲಸ +400 ಜೂಲ್. U ಎರಡೂ ತುದಿಯಲ್ಲಿ 450, ಬದಲಾವಣೆ ಸೊನ್ನೆ. Q = +400 ಜೂಲ್.

C ಇಂದ A: 1 ಬಾರ್ ಒತ್ತಡದಲ್ಲಿ ಗಾತ್ರ 2 ಲೀಟರ್ ಕಡಿಮೆಯಾಗಿದೆ, ಕೆಲಸ −200. U 300 ಇಳಿದಿದೆ. Q = −500 ಜೂಲ್.

ಈಗ ತಾಳೆ ನೋಡಿ. ಮೂರು ΔU ಕೂಡಿದರೆ ಸೊನ್ನೆ ಬರಬೇಕು: 300 + 0 − 300, ಸರಿ. ಒಟ್ಟು ಕೆಲಸ 0 + 400 − 200 = 200. ಒಟ್ಟು ಶಾಖ 300 + 400 − 500 = 200. ಎರಡೂ ಒಂದೇ. ತ್ರಿಕೋನದ ವಿಸ್ತೀರ್ಣವೂ ½ × 2 × 2 = 2 ಬಾರ್-ಲೀಟರ್, 200 ಜೂಲ್. ಇವು ಹೊಂದದಿದ್ದರೆ ಮುಂದೆ ಹೋಗಬೇಡಿ, ಎಲ್ಲೋ ಚಿಹ್ನೆ ತಪ್ಪಿದೆ.

ಹೆಜ್ಜೆ 4: ಶಾಖ ಎಲ್ಲಿಯವರೆಗೆ ಒಳಗೆ ಬರುತ್ತದೆ?

ಎಲ್ಲ ತಾಳೆಯೂ ಸರಿ ಬಂತಲ್ಲ, ಈಗ ದಕ್ಷತೆ ಬರೆದುಬಿಡೋಣ ಅನ್ನಿಸುತ್ತದೆ. ಒಳಗೆ ಬಂದ ಶಾಖ 300 + 400 = 700, ಕೆಲಸ 200, ದಕ್ಷತೆ 28.6%. ಈ ಉತ್ತರ ತಪ್ಪು. ಮೇಲಿನ ತಾಳೆಗಳು ಯಾವುವೂ ಈ ತಪ್ಪನ್ನು ಹಿಡಿಯುವುದಿಲ್ಲ, ಅದೇ ಇದರ ಕಷ್ಟ.

ತಪ್ಪು ಎಲ್ಲಿದೆ ಅಂದರೆ, B ಇಂದ C ಗೆ ಸಿಕ್ಕ +400 ಅನ್ನುವುದು ಕೂಡಿ ಕಳೆದು ಉಳಿದ ಮೊತ್ತ. ಬ್ಯಾಂಕ್ ಖಾತೆಯಲ್ಲಿ ತಿಂಗಳ ಕೊನೆಗೆ 400 ಹೆಚ್ಚಾಗಿದೆ ಅಂದರೆ ಜಮೆ ಆಗಿದ್ದು 400 ಮಾತ್ರ ಅಂತ ಹೇಳಲು ಆಗುವುದಿಲ್ಲವಲ್ಲ. ದಕ್ಷತೆಗೆ ಬೇಕಾದದ್ದು ಜಮೆಯ ಮೊತ್ತ ಮಾತ್ರ. ಅನಿಲ ಹೊರಗೆ ಬಿಟ್ಟ ಶಾಖವನ್ನು ಅದರಲ್ಲಿ ಕಳೆಯಬಾರದು, ಯಾಕೆಂದರೆ ಹೊರಗೆ ಹೋದದ್ದು ವ್ಯರ್ಥದ ಪಟ್ಟಿಗೆ ಸೇರುತ್ತದೆ.

ಹಾಗಾಗಿ ಓರೆ ಗೆರೆಯ ಮೇಲೆ ಶಾಖ ದಿಕ್ಕು ಬದಲಿಸುವ ಬಿಂದು ಹುಡುಕಬೇಕು. ನಮ್ಮ ಗೆರೆಯ ಸಮೀಕರಣ `P = 4 − V` (ಬಾರ್ ಮತ್ತು ಲೀಟರ್‌ನಲ್ಲಿ). ಒಂದು ಚಿಕ್ಕ ಹೆಜ್ಜೆಗೆ ಬರುವ ಶಾಖ:

```
dQ = 1.5 d(PV) + P dV
   = 1.5 (4 − 2V) dV + (4 − V) dV
   = (10 − 4V) dV
```

ಇದು ಸೊನ್ನೆಯಾಗುವುದು V = 2.5 ಲೀಟರ್ ಬಳಿ. ಅಲ್ಲಿಯವರೆಗೆ ಶಾಖ ಒಳಗೆ, ಅಲ್ಲಿಂದ ಮುಂದೆ ಹೊರಗೆ.

ಕಲನ ಬಾರದವರಿಗೆ ಒಂದು ಅಡ್ಡದಾರಿ ಇದೆ, ಇದೇ ಲೆಕ್ಕದಿಂದ ಬಂದದ್ದು. ಇಳಿಯುವ ನೇರ ಗೆರೆಯನ್ನು ಮುಂದಕ್ಕೆ ಎಳೆಯಿರಿ, ಒತ್ತಡ ಸೊನ್ನೆ ಆಗುವ ಜಾಗದಲ್ಲಿ ಗಾತ್ರ ಎಷ್ಟು ಅಂತ ಓದಿ. ನಮ್ಮಲ್ಲಿ ಅದು 4 ಲೀಟರ್. ಒಂಟಿ ಪರಮಾಣುವಿನ ಅನಿಲಕ್ಕೆ ಅದನ್ನು 5/8 ರಿಂದ ಗುಣಿಸಿ: 2.5. ಗಾಳಿಯಂಥ ಅನಿಲಕ್ಕೆ 7/12 ರಿಂದ ಗುಣಿಸಿ. ತಾಪಮಾನ ತುದಿ ಮುಟ್ಟುವ ಜಾಗಕ್ಕೆ ಅರ್ಧ ಮಾಡಿ: 2 ಲೀಟರ್, ಇದು ಯಾವ ಅನಿಲಕ್ಕೂ ಅಷ್ಟೇ. ಸಿಕ್ಕ ಬಿಂದು ಗೆರೆಯ ಎರಡು ತುದಿಗಳ ಒಳಗೆ ಬರದಿದ್ದರೆ ನಿಮ್ಮ ಅದೃಷ್ಟ, ಶಾಖ ದಿಕ್ಕು ಬದಲಿಸಿಲ್ಲ, ಇಡೀ ಗೆರೆಯನ್ನು ಒಂದೇ ಮೊತ್ತವಾಗಿ ತೆಗೆದುಕೊಳ್ಳಬಹುದು. ನೆನಪಿರಲಿ, ಇದು ನೇರ ಗೆರೆಗೆ ಮಾತ್ರ.

ಎರಡು ಬಿಂದುಗಳು ಬೇರೆ ಬೇರೆ ಅನ್ನುವುದನ್ನು ಸ್ವಲ್ಪ ನಿಂತು ನೋಡಿ, ಇಡೀ ವಿಷಯದ ಗಂಟು ಇಲ್ಲೇ ಇದೆ. 2 ಲೀಟರ್‌ನಿಂದ 2.5 ಲೀಟರ್‌ವರೆಗೆ ಅನಿಲಕ್ಕೆ ಶಾಖ ಬರುತ್ತಲೇ ಇದೆ, ಆದರೂ ಅದು ತಣ್ಣಗಾಗುತ್ತಿದೆ! ಏಕೆಂದರೆ ಅಷ್ಟು ದೂರದಲ್ಲಿ ಅನಿಲ ಮಾಡುವ ಕೆಲಸ ಬರುವ ಶಾಖಕ್ಕಿಂತ ಜಾಸ್ತಿ, ಕೊರತೆಯನ್ನು ತನ್ನ ಆಂತರಿಕ ಶಕ್ತಿಯಿಂದ ತುಂಬಿಕೊಳ್ಳುತ್ತದೆ. "ತಾಪಮಾನ ಇಳಿಯುತ್ತಿದೆ, ಹಾಗಾದರೆ ಶಾಖ ಹೊರಗೆ ಹೋಗುತ್ತಿದೆ" ಅನ್ನುವ ಊಹೆ ಇಲ್ಲಿ ಸುಳ್ಳಾಗುತ್ತದೆ. 2 ಲೀಟರ್ ಹತ್ತಿರವೇ ಗೆರೆಯನ್ನು ಕತ್ತರಿಸಿ ಲೆಕ್ಕ ಮಾಡುವವರು ಬೀಳುವುದು ಈ ಗುಂಡಿಗೆ.

ನಕ್ಷೆಯ ಭಾಷೆಯಲ್ಲಿ ಹೇಳುವುದಾದರೆ, 2.5 ಲೀಟರ್ ಬಿಂದುವಿನಲ್ಲಿ ನಮ್ಮ ಗೆರೆ ಒಂದು ಅಡಿಯಾಬ್ಯಾಟಿಕ್ ಗೆರೆಯನ್ನು ಸವರಿಕೊಂಡು ಹೋಗುತ್ತದೆ. ಅಡಿಯಾಬ್ಯಾಟಿಕ್ ಅಂದರೆ ಶಾಖ ಒಳಗೂ ಬರದೆ ಹೊರಗೂ ಹೋಗದೆ ಆಗುವ ಬದಲಾವಣೆ. ಯಾವುದೇ ಬಿಂದುವಿನಲ್ಲಿ ಅದರ ಇಳಿಜಾರು γP/V. ಇಲ್ಲಿ γ ಅನ್ನುವುದು ಅನಿಲದ ಬಗೆಗೆ ತಕ್ಕಂತೆ ಬದಲಾಗುವ ಒಂದು ಸಂಖ್ಯೆ, ಒಂಟಿ ಪರಮಾಣುವಿನ ಅನಿಲಕ್ಕೆ γ = 5/3. ನಮ್ಮ ಬಿಂದುವಿನಲ್ಲಿ P = 1.5, V = 2.5, ಹಾಕಿ ನೋಡಿದರೆ ಇಳಿಜಾರು ಸರಿಯಾಗಿ 1. ನಮ್ಮ ಗೆರೆಯ ಇಳಿಜಾರೂ 1. ಅನಿಲ ಹಿಗ್ಗುವಾಗ ಗೆರೆ ಅಡಿಯಾಬ್ಯಾಟಿಕ್‌ಗಿಂತ ಮೆಲ್ಲಗೆ ಇಳಿದರೆ ಶಾಖ ಒಳಗೆ ಬರುತ್ತಿದೆ, ಅದಕ್ಕಿಂತ ಕಡಿದಾಗಿ ಇಳಿದರೆ ಹೊರಗೆ ಹೋಗುತ್ತಿದೆ. ಬಾಗಿದ ಗೆರೆ ಬಂದಾಗಲೂ ಈ ಪರೀಕ್ಷೆ ನಡೆಯುತ್ತದೆ.

ಹೆಜ್ಜೆ 5: ಗೆರೆಯನ್ನು ಎರಡು ತುಂಡು ಮಾಡಿ, ದಕ್ಷತೆ ಬರೆಯಿರಿ

ಕತ್ತರಿಸುವ ಬಿಂದುವಿಗೆ D ಅಂತ ಹೆಸರಿಡಿ: 1.5 ಬಾರ್, 2.5 ಲೀಟರ್, PV 375 ಜೂಲ್, U 562.5 ಜೂಲ್.

```
B → D : W = 2.25 × 1.5 ಬಾರ್-ಲೀಟರ್ = 337.5 J
        ΔU = 112.5 J
        Q = +450 J
D → C : W = 1.25 × 0.5 ಬಾರ್-ಲೀಟರ್ = 62.5 J
        ΔU = −112.5 J
        Q = −50 J
```

450 ರಲ್ಲಿ 50 ಹೋದರೆ 400, ಮೊದಲಿನ ಮೊತ್ತಕ್ಕೆ ಹೊಂದಿತು. ಈಗ ನಿಜವಾದ ಲೆಕ್ಕ:

```
ಒಳಗೆ ಬಂದ ಶಾಖ   = 300 + 450 = 750 J
ಹೊರಗೆ ಹೋದ ಶಾಖ = 500 + 50  = 550 J
ದಕ್ಷತೆ = 200 / 750 = 26.7%
```

28.6 ಎಲ್ಲಿ, 26.7 ಎಲ್ಲಿ, ಇಷ್ಟಕ್ಕೆ ಇಷ್ಟೆಲ್ಲ ರಾಮಾಯಣವಾ ಅಂತ ಕೇಳಬಹುದು. ಈ ತ್ರಿಕೋನದಲ್ಲಿ ವ್ಯತ್ಯಾಸ ಸಣ್ಣದು, ನಿಜ. ಓರೆ ಗೆರೆ D ಯನ್ನು ದಾಟಿ ಇನ್ನೂ ದೂರ ಹೋದ ಹಾಗೆಲ್ಲ ಅದು ಬೆಳೆಯುತ್ತದೆ. ಮತ್ತೆ ತಪ್ಪು ಯಾವತ್ತೂ ಒಂದೇ ಕಡೆಗೆ: ಎಂಜಿನ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಹೆಜ್ಜೆ 6: ಕಾರ್ನೋ ಮಿತಿಗೆ ಹೋಲಿಸಿ

ಯಾವ ಎಂಜಿನ್‌ನ ದಕ್ಷತೆಗೂ ದಾಟಲಾಗದ ಒಂದು ಮಿತಿ ಇದೆ, ಸಾದಿ ಕಾರ್ನೋ 1824ರಲ್ಲಿ ಈ ಮಿತಿಯ ವಿಚಾರವನ್ನು ಮುಂದಿಟ್ಟದ್ದು. ಅವನ ಚಕ್ರವನ್ನು ಒತ್ತಡ-ಗಾತ್ರದ ನಕ್ಷೆಯಲ್ಲಿ ಬಿಡಿಸಿ ತೋರಿಸಿದ್ದು ಕ್ಲಾಪೆರಾನ್, ಹತ್ತು ವರ್ಷದ ನಂತರ. ಇವತ್ತಿನ ಭಾಷೆಯಲ್ಲಿ ಮಿತಿ ಹೀಗಿದೆ: ಚಕ್ರದ ಅತಿ ತಂಪಿನ ತಾಪಮಾನವನ್ನು ಅತಿ ಬಿಸಿಯ ತಾಪಮಾನದಿಂದ ಭಾಗಿಸಿ 1 ರಿಂದ ಕಳೆಯಿರಿ. ನಿಮ್ಮ ಉತ್ತರ ಇದನ್ನು ಮೀರಿದರೆ ಲೆಕ್ಕ ಖಂಡಿತ ತಪ್ಪು.

ಇಲ್ಲೂ ಎರಡು ಎಡವಟ್ಟು. ಅತಿ ಬಿಸಿ ತಾಪಮಾನ ಮೂಲೆಯಲ್ಲೇ ಇರಬೇಕು ಅಂತೇನಿಲ್ಲ. ನಮ್ಮಲ್ಲಿ ಅದು ಓರೆ ಗೆರೆಯ ನಡುವೆ ಇರುವ 1200 ಕೆಲ್ವಿನ್, ಹಾಗಾಗಿ ಮಿತಿ 1 − 300/1200 = 75%. ಮೂಲೆಯ 900 ಹಾಕಿದವರಿಗೆ 66.7% ಬರುತ್ತದೆ. ಇನ್ನು ಸೆಲ್ಸಿಯಸ್ ಹಾಕಿದವರಿಗೆ, 27 ಮತ್ತು 927 ಇಟ್ಟು, 97% ಬಂದುಬಿಡುತ್ತದೆ! ಕೆಲ್ವಿನ್ ಬಿಟ್ಟು ಬೇರೆ ಏನೂ ನಡೆಯುವುದಿಲ್ಲ.

26.7 ಮತ್ತು 75 ರ ನಡುವೆ ಇಷ್ಟು ಅಂತರ ಯಾಕೆ? ಕಾರ್ನೋ ಚಕ್ರದಲ್ಲಿ ಶಾಖ ಎಲ್ಲವೂ ಅತಿ ಬಿಸಿ ತಾಪಮಾನದಲ್ಲೇ ಒಳಗೆ ಬರುತ್ತದೆ, ಅತಿ ತಂಪಿನಲ್ಲೇ ಹೊರಗೆ ಹೋಗುತ್ತದೆ. ನಮ್ಮ ಅನಿಲ ಬರೀ 300 ಕೆಲ್ವಿನ್ ಇದ್ದಾಗಲೇ ಶಾಖ ತೆಗೆದುಕೊಳ್ಳಲು ಶುರು ಮಾಡುತ್ತದೆ, ಹೊರಗೆ ಬಿಡುವುದನ್ನು ಸಾವಿರಕ್ಕಿಂತ ಮೇಲೆ, 1125 ಕೆಲ್ವಿನ್‌ನಲ್ಲೇ ಶುರು ಮಾಡುತ್ತದೆ. ಅಷ್ಟು ಬಿಸಿಯಾದ ಶಾಖವನ್ನು ಹೊರಗೆ ಚೆಲ್ಲಿದರೆ ದಕ್ಷತೆ ಎಲ್ಲಿಂದ ಬರಬೇಕು?

ಅನಿಲ ಬದಲಾದರೆ?

ಅದೇ ತ್ರಿಕೋನ, ಅದೇ ಸಂಖ್ಯೆಗಳು, ಒಳಗೆ ಮಾತ್ರ ಗಾಳಿಯಂಥ ಅನಿಲ. ಕೆಲಸ ಮೊದಲಿನಷ್ಟೇ, 200 ಜೂಲ್. ಆದರೆ ಅಷ್ಟೇ ಬಿಸಿ ಮಾಡಲು ಈಗ ಹೆಚ್ಚು ಶಾಖ ಬೇಕು, ಅಣುಗಳು ಓಡುವುದರ ಜೊತೆಗೆ ತಿರುಗಲೂ ಶಕ್ತಿ ತಿನ್ನುತ್ತವೆ. A ಇಂದ B ಗೆ 500 ಜೂಲ್. ದಿಕ್ಕು ಬದಲಾಗುವ ಬಿಂದು 4 × 7/12, ಅಂದರೆ ಸುಮಾರು 2.33 ಲೀಟರ್. ಅಲ್ಲಿಯವರೆಗೆ ಒಳಗೆ ಬರುವುದು ಸುಮಾರು 533 ಜೂಲ್. ದಕ್ಷತೆ 200/1033, ಹತ್ತಿರ ಹತ್ತಿರ 19.4%. ಹಾಗಾಗಿ ನಕ್ಷೆ ಮಾತ್ರ ಕೊಟ್ಟು, ಅನಿಲ ಯಾವುದು ಅಂತ ಹೇಳದೆ ದಕ್ಷತೆ ಕೇಳಿದರೆ ಆ ಪ್ರಶ್ನೆಯೇ ಅರ್ಧ.

ನಿಜವಾದ ಎಂಜಿನ್‌ನ ನಕ್ಷೆ ಕೈಗೆ ಬಂದಾಗ

ಸಿಲಿಂಡರ್‌ಗೆ ಒತ್ತಡದ ಸೆನ್ಸರ್ ಹಾಕಿ ತೆಗೆದ ನಕ್ಷೆಯಲ್ಲಿ ಚೂಪಾದ ಮೂಲೆ ಇರುವುದಿಲ್ಲ, ಎಲ್ಲ ದುಂಡಗಾಗಿರುತ್ತದೆ. ಅಲ್ಲಿಯೂ ಒಳಗಿನ ವಿಸ್ತೀರ್ಣವೇ ಒಂದು ಚಕ್ರದ ಕೆಲಸ. ನಾಲ್ಕು ಸ್ಟ್ರೋಕ್ ಎಂಜಿನ್ ಆದರೆ ಎರಡು ಸುತ್ತಿಗೆ ಒಂದು ಚಕ್ರ ಅನ್ನುವುದನ್ನು ಮರೆಯಬೇಡಿ: ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 25 ಚಕ್ರ. ಚಕ್ರಕ್ಕೆ 200 ಜೂಲ್ ಇದ್ದರೆ ಆ ಸಿಲಿಂಡರ್‌ನಿಂದ 5 ಕಿಲೋವ್ಯಾಟ್.

ಕೆಳಗಡೆ ಒಂದು ತೆಳ್ಳಗಿನ ಎರಡನೇ ಸುತ್ತು ಕಾಣಬಹುದು. ಅದು ಹೊಗೆಯನ್ನು ಹೊರಗೆ ತಳ್ಳಿ ಹೊಸ ಗಾಳಿ ಎಳೆದುಕೊಳ್ಳುವ ಭಾಗ. ಟರ್ಬೋ ಇಲ್ಲದ ಎಂಜಿನ್‌ನಲ್ಲಿ ಅದು ಉಲ್ಟಾ ದಿಕ್ಕಿನಲ್ಲಿ ಸುತ್ತುತ್ತದೆ, ಅದರ ವಿಸ್ತೀರ್ಣವನ್ನು ದೊಡ್ಡ ಸುತ್ತಿನಿಂದ ಕಳೆಯಬೇಕು.

ಶಾಖದ ಲೆಕ್ಕಕ್ಕೆ ಮಾತ್ರ ಮೇಲಿನ ದಾರಿಯನ್ನು ಹಾಗೇ ಇಲ್ಲಿ ಹಿಡಿಯಬೇಡಿ. ಸಿಲಿಂಡರ್ ಒಳಗೆ ಪ್ರತಿ ಚಕ್ರದಲ್ಲೂ ಅನಿಲವೇ ಬದಲಾಗುತ್ತದೆ, ಇಂಧನ ಉರಿದು ಅದರ ಗುಣವೂ ಬದಲಾಗುತ್ತದೆ, ಗೋಡೆಗಳ ಮೂಲಕ ಶಾಖ ಸೋರುತ್ತದೆ. ಅಲ್ಲಿ ಕೆಳಗಿನ ಸಂಖ್ಯೆಯನ್ನು ನಕ್ಷೆಯಿಂದ ತೆಗೆಯುವುದಿಲ್ಲ: ಚಕ್ರವೊಂದಕ್ಕೆ ಎಷ್ಟು ಇಂಧನ ಹೋಯಿತು ಅಂತ ತೂಕ ಮಾಡಿ, ಆ ಇಂಧನ ಉರಿದರೆ ಬರುವ ಶಾಖದಿಂದ ಗುಣಿಸುತ್ತಾರೆ.